ಆಪರೇಟಿಂಗ್ ಸೈಕಲ್: ನನಗೆ 98 ದಿನ ಬರ್ತಿದೆ, ಬ್ಯಾಂಕಿನವರ ಹಾಳೆಯಲ್ಲಿ 122. ತಪ್ಪು ಎಲ್ಲಿ?

ವೈರ್‌ಅಂಗಡಿ
ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ಅಂಗಡಿ. ವೈರು, ಸ್ವಿಚ್ಚು, ಎಂಸಿಬಿ, ಎಲ್ಲಕ್ಕೂ 18% ಜಿಎಸ್‌ಟಿ. ಓಡಿ ಲಿಮಿಟ್ ನವೀಕರಣಕ್ಕೆ ಬ್ಯಾಂಕಿನವರು ಸೈಕಲ್ ಎಷ್ಟು ದಿನ, ಅಂದರೆ ಮಾಲು ಕೊಂಡಾಗಿನಿಂದ ಗಿರಾಕಿಯ ದುಡ್ಡು ಕೈಸೇರೋವರೆಗೆ ಎಷ್ಟು ದಿನ ಅಂತ ಕೇಳಿದ್ದಾರೆ. ವರ್ಷದ ಲೆಕ್ಕ ಹೀಗಿದೆ:

ಮಾರಾಟ 96,00,000 (ನಗದು 24 ಲಕ್ಷ, ಉದ್ರಿ 72 ಲಕ್ಷ)
ಖರೀದಿ 78,00,000, ಲಾರಿ ಬಾಡಿಗೆ ಸೇರಿ, ವಾಪಸ್ ಕಳಿಸಿದ ಮಾಲು ಕಳೆದು
ಆರಂಭದ ಸ್ಟಾಕು 11,00,000, ಕೊನೆಯದು 17,00,000
ಗಿರಾಕಿಗಳ ಬಾಕಿ ಆರಂಭಕ್ಕೆ 10,00,000, ಕೊನೆಗೆ 13,60,000

ಸರಾಸರಿ ಸ್ಟಾಕು 14 ಲಕ್ಷವನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದೆ, 53 ದಿನ. ಸರಾಸರಿ ಬಾಕಿ 11,80,000ಕ್ಕೂ ಹಾಗೇ ಮಾಡಿದೆ, 45 ದಿನ. ಒಟ್ಟು 98. ಬ್ಯಾಂಕಿನವರದು 122. 24 ದಿನ ಎಲ್ಲಿ ಹೋಯ್ತು?

ಸರಳಲೆಕ್ಕ
ಇಷ್ಟೆಲ್ಲ ಯಾಕೆ ಸರ್? ಬಿಲ್ಲಿನಲ್ಲಿ 30 ದಿನದ ಉದ್ರಿ ಅಂತ ಬರೆದಿರ್ತೀರಲ್ಲ, ಬಾಕಿಗೆ 30 ಹಾಕಿ. ಸ್ಟಾಕನ್ನು ಮಾತ್ರ ಖರೀದಿಯಿಂದ ಭಾಗಿಸಿ, ಮಾರಾಟದಿಂದ ಅಲ್ಲ.

ಕಿರ್ದಿಖಾತೆ
ಬಿಲ್ಲಿನಲ್ಲಿ ಬರೆದ 30 ದಿನ ನೀವು ಕೊಟ್ಟ ಗಡುವು. ಗಿರಾಕಿ ಅಷ್ಟರಲ್ಲಿ ದುಡ್ಡು ಕೊಟ್ಟನೋ ಇಲ್ಲವೋ ಅನ್ನೋದು ಬಾಕಿ ಅಂಕಿಯಲ್ಲಷ್ಟೇ ಸಿಗುತ್ತೆ. ಸೈಕಲ್‌ಗೆ ಬೇಕಿರುವುದು ಅದೇ.

ಸ್ಟಾಕಿನ ವಿಷಯದಲ್ಲಿ ಸರಳಲೆಕ್ಕ ಅವರು ಅರ್ಧ ಸರಿ. ಕಪಾಟಿನಲ್ಲಿರುವ ವೈರಿನ ಸುರುಳಿ ಪುಸ್ತಕದಲ್ಲಿ ಕೂತಿರುವುದು ಅಸಲಿನ ಬೆಲೆಯಲ್ಲಿ. ಅದನ್ನು ಲಾಭ ಸೇರಿದ ಮಾರಾಟದಿಂದ ಭಾಗಿಸಿದರೆ ದಿನ ಕಡಿಮೆ ಕಾಣುತ್ತೆ, ವೈರ್‌ಅಂಗಡಿಯವರ ಮೊದಲ ತಪ್ಪು ಇದೇ. ಆದರೆ ಖರೀದಿಯೂ ಸರಿಯಾದ ಭಾಜಕ ಅಲ್ಲ. ಕೊಂಡದ್ದರಲ್ಲಿ 6 ಲಕ್ಷದ ಮಾಲು ಮಾರಾಟ ಆಗದೆ ಸ್ಟಾಕಿಗೆ ಸೇರಿಕೊಂಡಿದೆ. ವರ್ಷದಲ್ಲಿ ಹೊರಗೆ ಹೋದ ಮಾಲಿನ ಅಸಲು 11 + 78 − 17 = 72 ಲಕ್ಷ. 14ನ್ನು 72ರಿಂದ ಭಾಗಿಸಿ, 71 ದಿನ ಬರುತ್ತೆ. ಖರೀದಿಯಿಂದ ಭಾಗಿಸಿದ್ದರೆ 65.5ಕ್ಕೆ ನಿಲ್ಲುತ್ತಿತ್ತು. ಆರಂಭದ ಸ್ಟಾಕೂ ಕೊನೆಯ ಸ್ಟಾಕೂ ಸಮ ಇದ್ದಾಗ ಮಾತ್ರ ಎರಡೂ ಒಂದೇ.

ಶೀಟಿನಲ್ಲಿ B1 ಆರಂಭದ ಸ್ಟಾಕು, B2 ಖರೀದಿ, B3 ಕೊನೆಯ ಸ್ಟಾಕು ಅಂದುಕೊಂಡರೆ:

```
=(B1+B3)/2/(B1+B2-B3)*365
```

ಮೊದಲ ಆವರಣ ಬಿಡಬೇಡಿ. `B1+B3/2` ಅಂತ ಹೊಡೆದರೆ B3 ಮಾತ್ರ ಅರ್ಧ ಆಗುತ್ತೆ, ಸರಾಸರಿ 14ರ ಬದಲು 19.5 ಲಕ್ಷ ಅಂತ ಬರುತ್ತೆ.

ಬಾಕಿಗೆ ಬಂದರೆ, ನಗದು ವ್ಯಾಪಾರದಿಂದ ಬಾಕಿ ಹುಟ್ಟೋದಿಲ್ಲ. ಭಾಜಕ ಉದ್ರಿ ಮಾರಾಟ 72 ಲಕ್ಷ ಮಾತ್ರ.

ವೈರ್‌ಅಂಗಡಿ
ಹಾಗೇ ಮಾಡಿದೆ ಸರ್. ಸ್ಟಾಕು 71, ಬಾಕಿ 60. ಈಗ 131! ಬ್ಯಾಂಕಿನದನ್ನೂ ದಾಟಿ ಹೋಯ್ತು.

ಕಿರ್ದಿಖಾತೆ
ಹಾಗಾದರೆ ಉಳಿದಿರುವುದು ಜಿಎಸ್‌ಟಿ. ಗಿರಾಕಿ ನಿಮಗೆ ಕೊಡಬೇಕಾದದ್ದು ತೆರಿಗೆ ಸೇರಿದ ಬಿಲ್ ಮೊತ್ತ, ಹಾಗಾಗಿ ಬಾಕಿಯೊಳಗೆ 18% ಕೂತಿದೆ. ಮಾರಾಟ ಖಾತೆಯಲ್ಲಿ ತೆರಿಗೆ ಇಲ್ಲ, ಅದು ಬೇರೆ ಖಾತೆಗೆ ಹೋಗಿರುತ್ತೆ. ಮೇಲೆ ತೆರಿಗೆ ಸಹಿತ, ಕೆಳಗೆ ತೆರಿಗೆ ರಹಿತ ಅಂಕಿ ಇಟ್ಟು ಭಾಗಿಸಿದ್ದೀರಿ. 11,80,000ವನ್ನು 1.18ರಿಂದ ಭಾಗಿಸಿ, ಸರಿಯಾಗಿ 10 ಲಕ್ಷ. (18% ಕಳೆಯಬೇಡಿ, 9,67,600 ಅಂತ ತಪ್ಪು ಅಂಕಿ ಬರುತ್ತೆ.) 10ನ್ನು 72ರಿಂದ ಭಾಗಿಸಿದರೆ 50.7 ದಿನ. 71 + 51 = 122.

ಸ್ಟಾಕಿನಿಂದ ಏನೂ ತೆಗೆಯಬೇಡಿ. ಇನ್‌ಪುಟ್ ಕ್ರೆಡಿಟ್ ತಗೊಂಡಿರುವುದರಿಂದ ಅದರಲ್ಲಿ ತೆರಿಗೆ ಇರೋದಿಲ್ಲ.

ಬಕೆಟ್‌ಬುಟ್ಟಿ
ನಡುವೆ ಬಂದೆ, ಕ್ಷಮಿಸಿ. ನಮ್ಮದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ, ಕಾಂಪೊಸಿಷನ್ ಸ್ಕೀಮು. ನಾನೂ 1.18ರಿಂದ ಭಾಗಿಸಬೇಕಾ?

ಕಿರ್ದಿಖಾತೆ
ಬೇಡ ಮೇಡಂ. ನೀವು ಬಿಲ್ಲಿನಲ್ಲಿ ತೆರಿಗೆ ವಸೂಲಿ ಮಾಡೋದಿಲ್ಲ, ಬಾಕಿಯಲ್ಲಿ ತೆಗೆಯೋಕೆ ಏನೂ ಇಲ್ಲ. ಕೊಳ್ಳುವಾಗ ಕೊಟ್ಟ ತೆರಿಗೆಗೆ ಕ್ರೆಡಿಟ್ ಸಿಗದ ಕಾರಣ ಅದು ಅಸಲಿಗೇ ಸೇರುತ್ತೆ. ಸ್ಟಾಕು, ಖರೀದಿ ಎರಡನ್ನೂ ತೆರಿಗೆ ಸೇರಿಸಿಯೇ ಇಡಿ. ಒಂದರಲ್ಲಿ ಸೇರಿಸಿ ಇನ್ನೊಂದರಲ್ಲಿ ಬಿಟ್ಟರೆ ಮಾತ್ರ ಕೆಡುತ್ತೆ.

ಸರಳಲೆಕ್ಕ
ಒಪ್ಪಿದೆ. ಆದರೂ ನೀವು ಕಂಪನಿಗಳಿಗೆ ಕೊಡಬೇಕಾದ ಬಾಕಿ ಕಳೆಯಲೇ ಇಲ್ಲವಲ್ಲ? ಅವರು ಕೊಟ್ಟ ಉದ್ರಿ ಕಳೆದಮೇಲೇ ಸೈಕಲ್ ಅಲ್ಲವಾ?

ಲಿಮಿಟ್‌ಡೆಸ್ಕ್
ಬ್ಯಾಂಕ್ ಕಡೆಯಿಂದ ಹೇಳ್ತೀನಿ. ಕಳೆದಮೇಲೆ ಬರೋದು ಕ್ಯಾಶ್ ಸೈಕಲ್, ಬೇರೆ ಅಂಕಿ. ಹಾಳೆಯಲ್ಲಿ ಸಾಮಾನ್ಯವಾಗಿ ಎರಡಕ್ಕೂ ಬೇರೆ ಬೇರೆ ಸಾಲು ಇರುತ್ತೆ. ಒಂದರ ಜಾಗದಲ್ಲಿ ಇನ್ನೊಂದು ಬರೆದರೆ ಫೈಲು ವಾಪಸ್ ಬರುತ್ತೆ. ಕೊಡಬೇಕಾದ ಬಾಕಿಯ ಸರಾಸರಿ 7,67,000 ಇದೆ ಅಂದುಕೊಳ್ಳಿ. ಅದರಿಂದಲೂ ಜಿಎಸ್‌ಟಿ ತೆಗೆದರೆ 6.5 ಲಕ್ಷ. ಎಲ್ಲ ಖರೀದಿಯೂ ಉದ್ರಿಯಾದರೆ 78ರಿಂದ ಭಾಗಿಸಿ, 30 ದಿನ. ಆಗ ಕ್ಯಾಶ್ ಸೈಕಲ್ 92 ಆಸುಪಾಸು. ಈ ಒಂದು ಕಡೆ ಮಾತ್ರ ಭಾಜಕ ಖರೀದಿಯೇ.

ಇನ್ನೊಂದು, ಕೆಲವರು 365ರ ಬದಲು 360 ಹಾಕ್ತಾರೆ. ಇದೇ ಅಂಕಿಗಳಿಗೆ 70 + 50 = 120 ಬರುತ್ತೆ. ಎರಡು ದಿನದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 24 ದಿನ ವ್ಯತ್ಯಾಸ ಇದ್ದರೆ ಭಾಜಕ ನೋಡಿ.

ವೈರ್‌ಅಂಗಡಿ
122 ಕೂಡಿತು, ಥ್ಯಾಂಕ್ಸ್. ಆದರೆ ಈಗ ಬೇರೆ ಅನುಮಾನ. ಮಳೆಗಾಲಕ್ಕೆ ಮುಂಚೆ ಮನೆ ಕಟ್ಟೋರ ಗಡಿಬಿಡಿ, ಅದಕ್ಕೇ ಫೆಬ್ರವರಿ ಮಾರ್ಚಲ್ಲಿ ಮಾಲು ತುಂಬ್ತೀವಿ. ಮಾರ್ಚ್ 31ಕ್ಕೆ ಗೋಡೌನು ಕಂಠಮಟ್ಟ. ಟ್ಯಾಲಿಯ `Stock Summary`ಯಿಂದ 12 ತಿಂಗಳ ಕೊನೆಯ ಸ್ಟಾಕು ತೆಗೆದು ಸರಾಸರಿ ಹಾಕಿದೆ, 11,40,000 ಬಂತು. ಅದರ ಪ್ರಕಾರ 58 ದಿನ, ಒಟ್ಟು 109. ಯಾವುದು ನಿಜ?

ಕಿರ್ದಿಖಾತೆ
ಮಾಲು ಎಷ್ಟು ದಿನ ಕೂತಿತು ಅಂತ ಕೇಳಿದರೆ 58 ಹತ್ತಿರದ್ದು. ವರ್ಷದ ಎರಡು ತುದಿಯೂ ನಿಮ್ಮ ಸೀಸನ್ನಿನಲ್ಲೇ ಬೀಳುತ್ತೆ, ಅವೆರಡರ ಸರಾಸರಿ ಗೋಡೌನು ತುಂಬಿದ ದಿನಗಳನ್ನೇ ಅಳೆಯುತ್ತೆ. ಆದರೆ ತಿಂಗಳ ಅಂಕಿ ನಂಬುವ ಮುಂಚೆ `F11`ನಲ್ಲಿ `Integrate Accounts with Inventory` ನೋಡಿ. ಅದು `No` ಆಗಿದ್ದರೆ ಬ್ಯಾಲೆನ್ಸ್ ಶೀಟಿನ ಸ್ಟಾಕು ಕೈಯಲ್ಲಿ ಹಾಕಿದ್ದು, ಅದಕ್ಕೂ `Stock Summary`ಗೂ ತಾಳೆ ಆಗಲೇಬೇಕೆಂದಿಲ್ಲ. ಅಲ್ಲಿ ಮಾರ್ಚ್ ಕೊನೆಯ ಅಂಕಿ 17 ಲಕ್ಷ ಬಂದಿದೆಯಾ ಅಂತ ಮೊದಲು ನೋಡಿ.

ಲಿಮಿಟ್‌ಡೆಸ್ಕ್
ನಾನು ಒಪ್ಪಲ್ಲ. ನಮ್ಮ ಕೈಯಲ್ಲಿ ಇರುವುದು ಆಡಿಟ್ ಆದ ಎರಡು ದಿನದ ಅಂಕಿ, ಹೋದ ವರ್ಷದ ಸೈಕಲ್ ತೆಗೆದದ್ದೂ ಅದರಿಂದಲೇ. ಈ ವರ್ಷ 109 ಬರೆದರೆ ಸ್ಟಾಕು ಬೇಗ ಓಡಿತು ಅಂತ ಅರ್ಥ ಆಗುತ್ತೆ, ಓಡಿದ್ದು ಸೂತ್ರ ಮಾತ್ರ. 122 ಬರೆದು, ತಿಂಗಳ ಪಟ್ಟಿ ಬೇರೆ ಹಾಳೆಯಲ್ಲಿ ಲಗತ್ತಿಸಿ.

ಕಿರ್ದಿಖಾತೆ
ಹೋಲಿಕೆಗೆ ಅದು ಸರಿ. ಲಿಮಿಟ್ ನಿಗದಿಗೂ 122ನ್ನೇ ಹಿಡಿದರೆ ಸೀಸನ್ ಮುಗಿದಮೇಲೆ ಅರ್ಧ ಲಿಮಿಟ್ ಖಾಲಿ ಕೂರುತ್ತೆ ಅನ್ನೋದು ನನ್ನ ತಕರಾರು. ಇನ್ನು 109ರಲ್ಲಿ ಸ್ಟಾಕು ಮಾತ್ರ ತಿಂಗಳ ಸರಾಸರಿ, ಬಾಕಿ ಇನ್ನೂ ಎರಡು ತುದಿಯದ್ದು. ಎರಡನ್ನೂ ಒಂದೇ ಅಳತೆಗೆ ತನ್ನಿ.

ವೈರ್‌ಅಂಗಡಿ
ಮಾರ್ಚ್ ಅಂಕಿ 17 ಲಕ್ಷವೇ ಇದೆ. ಬಾಕಿಯ ತಿಂಗಳ ಪಟ್ಟಿ `Sundry Debtors`ನಿಂದ ಈಗ ತೆಗೀತಿದ್ದೆ. ಅದರಲ್ಲಿ ಇಬ್ಬರು ಕಂಟ್ರಾಕ್ಟರುಗಳ ಮುಂಗಡ ಕ್ರೆಡಿಟ್ ಬ್ಯಾಲೆನ್ಸ್ ಆಗಿ ಕೂತು ಒಟ್ಟು ಮೊತ್ತ ಇಳಿಸಿದೆ. ಅದನ್ನು ಬಿಡಿಸಿದರೆ ಬಾಕಿ ಏರುತ್ತೆ, 51 ದಿನವೂ ಏರುತ್ತೆ. ಬ್ಯಾಂಕಿನವರು ಬಿಡಿಸದೇ ತಗೊಂಡಿದ್ದಾರೆ ಅಂತ ಕಾಣುತ್ತೆ. ಇದನ್ನು ನಾನೇ ಎತ್ತಬೇಕಾ, ಆಡಿಟರಿಗೆ ಬಿಡಬೇಕಾ?