ಮನೆ ಸಾಗಣೆಯ ವಿಡಿಯೊದಲ್ಲಿ ‘ಉಚಿತ ವಿಮೆ’ ಎನ್ನಬಹುದೇ?

ಪ್ರಶ್ನೆ (ಉಡುಪಿಯ ಪ್ಯಾಕರ್ಸ್ ಆಂಡ್ ಮೂವರ್ಸ್ ಮಾಲೀಕರು): ಮೇಡಂ, ನಮ್ಮ ಸೇವೆಗೆ ತೊಂಬತ್ತು ಸೆಕೆಂಡಿನ ವಿಡಿಯೊ ಮಾಡಿಸುತ್ತಿದ್ದೇವೆ. ಕೆಲಸದ ಹಂತಗಳು, ‘ಉಚಿತ ವಿಮೆ’, ‘ಹೇಳಿದ ದರವೇ ಅಂತಿಮ’, ಈ ಮೂರೂ ಬರಬೇಕು. ಸ್ಕ್ರಿಪ್ಟ್ ಹೇಗೆ ಬರೆಯಲಿ?

ಉತ್ತರ (ಸಾಗಣೆ ಕಂಪನಿಯಲ್ಲಿ ಸರ್ವೆ, ಕ್ಲೇಮ್ ನೋಡಿಕೊಳ್ಳುತ್ತಿದ್ದು ಈಗ ಜಾಹೀರಾತು ಬರೆಯುವವರು): ಸರ್, ‘ಉಚಿತ ವಿಮೆ’ಯನ್ನು ಮೊದಲು ಅಳಿಸಿ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ. ಪ್ಯಾಕಿಂಗ್ ದೃಶ್ಯದಿಂದ ಆರಂಭಿಸಬೇಡಿ. ಬಬಲ್ ಸುತ್ತುವುದನ್ನು ಎಲ್ಲರೂ ತೋರಿಸುತ್ತಾರೆ. ದರ ನಿಜವಾಗಿ ನಿಲ್ಲುವುದು ಸರ್ವೆಯಲ್ಲಿ, ಅಲ್ಲಿಂದಲೇ ಹೊರಡಿ. ಧ್ವನಿ ಹೀಗಿರಲಿ:

“ನಮ್ಮವರು ಮನೆಗೆ ಬಂದು ಕೋಣೆಕೋಣೆಯ ಸಾಮಾನು ಬರೆದುಕೊಳ್ಳುತ್ತಾರೆ. ಅಟ್ಟದ ಮೇಲಿನ ಪಾತ್ರೆ, ಬಾಲ್ಕನಿಯ ಹೂಕುಂಡ ಯಾವುದನ್ನೂ ಬಿಡುವುದಿಲ್ಲ. ಲಾರಿ ಅಂಗಳದವರೆಗೆ ಬರುತ್ತದೆಯೇ ಎಂದು ಓಣಿಯಲ್ಲಿ ನಡೆದು ನೋಡುತ್ತಾರೆ. ಪಟ್ಟಿಗೆ ಇಬ್ಬರೂ ಸಹಿ ಹಾಕಿದ ಮೇಲೆ ದರ ಏರುವುದಿಲ್ಲ. ಹೊಸ ಸಾಮಾನು ಸೇರಿದರೆ ಅದರ ಮೊತ್ತವನ್ನು ಲಾರಿಗೆ ಏರಿಸುವ ಮೊದಲೇ ಬರೆದುಕೊಡುತ್ತೇವೆ.”

ಈ ಮಾತು ನಡೆಯುವಾಗ ಪರದೆಯ ಮೇಲೆ ದರಪತ್ರವೇ ಕಾಣಲಿ: ಪ್ಯಾಕಿಂಗ್, ಹೊರುವವರ ಕೂಲಿ, ಲಾರಿ ಬಾಡಿಗೆ, ಟೋಲ್, ಜಿಎಸ್‌ಟಿ. ಪ್ಯಾಕಿಂಗ್ ಹತ್ತು ಸೆಕೆಂಡಿನಲ್ಲಿ ಮುಗಿಯಲಿ. ಆದರೆ ಪ್ರತಿ ಪೆಟ್ಟಿಗೆಗೆ ಸಂಖ್ಯೆ ಬರೆಯುವುದನ್ನೂ, ಇಳಿಸುವಾಗ ಅದೇ ಸಂಖ್ಯೆಗೆ ಗುರುತು ಹಾಕುವುದನ್ನೂ ತಪ್ಪದೆ ತೋರಿಸಿ.

ಮಂಗಳೂರಿನ ಲಾರಿ ಬುಕಿಂಗ್ ಏಜೆಂಟರು: ವಿಮೆ ಎನ್ನುವುದರಲ್ಲಿ ತಪ್ಪೇನಿದೆ? ನಾವು ಸರಕಿನ ಬೆಲೆಯ ಮೇಲೆ ಎಫ್‌ಒವಿ ಎಂಬ ಶುಲ್ಕ ತೆಗೆದುಕೊಳ್ಳುತ್ತೇವೆ, ಒಡೆದರೆ ಕೊಡುತ್ತೇವೆ. ಕಾನೂನಿನಂತೆ ನಮ್ಮ ಹೊಣೆ ಇದ್ದೇ ಇದೆ.

ಮೇಡಂ: ಹೊಣೆ ಇದೆ ಎಂಬುದು ಸರಿ. ಎಫ್‌ಒವಿ ವಿಮೆ ಎಂಬುದು ಸರಿಯಲ್ಲ. ಅದು ಹೆಚ್ಚಿನ ಹೊಣೆ ಹೊರುವುದಕ್ಕೆ ನಿಮ್ಮ ಕಂಪನಿ ಪಡೆಯುವ ಶುಲ್ಕ. ನಷ್ಟ ತುಂಬಬೇಕಾದವರೂ ನೀವೇ. ವಿಮೆಯಲ್ಲಿ ವಿಮಾ ಕಂಪನಿಯ ಪ್ರಮಾಣಪತ್ರ ಇರುತ್ತದೆ, ಲಾರಿ ಹೊರಡುವ ಮೊದಲೇ ಅದು ಗ್ರಾಹಕರ ಕೈಸೇರಬೇಕು.

ಆ ಹೆಚ್ಚುವರಿ ಶುಲ್ಕವೂ ಇಲ್ಲದಿದ್ದರೆ, 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ರಶೀದಿಯಲ್ಲಿ ಬಾಡಿಗೆ 14,000 ರೂಪಾಯಿ ಎಂದಿದ್ದರೆ ಮಿತಿ 1,40,000. ಮನೆಯ ಸಾಮಾನು ನಾಲ್ಕು ಲಕ್ಷದ್ದಾಗಿದ್ದು ಲಾರಿ ಪಲ್ಟಿಯಾದರೆ ಉಳಿದ ನಷ್ಟ ಆ ಕುಟುಂಬದ್ದು.

ವಿಮೆ ಮಾಡಿಸಿದವರೂ ಒಂದು ಕಡೆ ಎಡವುತ್ತಾರೆ. ಪ್ರೀಮಿಯಂ ಉಳಿಸಲು ನಾಲ್ಕು ಲಕ್ಷದ ಸಾಮಾನನ್ನು ಎರಡು ಲಕ್ಷವೆಂದು ಬರೆಸುತ್ತಾರೆ. 40,000 ರೂಪಾಯಿಯ ಟಿವಿ ಒಡೆದಾಗ, ಪಾಲಿಸಿಯಲ್ಲಿ ಅನುಪಾತದ ಷರತ್ತು ಇದ್ದರೆ, 20,000 ಮಾತ್ರ ಸಿಗುತ್ತದೆ. ಗ್ರಾಹಕರೇ ಕಟ್ಟಿದ ಪೆಟ್ಟಿಗೆಯ ಒಳಗಿನ ಒಡಕನ್ನೂ, ಹೊರಗೆ ಏಟಿನ ಗುರುತಿಲ್ಲದೆ ಕೆಟ್ಟ ಫ್ರಿಜ್ಜನ್ನೂ ಅನೇಕ ಪಾಲಿಸಿಗಳು ಒಪ್ಪುವುದಿಲ್ಲ. ಆದ್ದರಿಂದ ಹಾನಿಯ ಭಾಗಕ್ಕೆ ಈ ಸಾಲು ಬಳಸಿ:

“ಸಾಮಾನಿನ ನಿಜವಾದ ಬೆಲೆಯನ್ನು ನೀವು ಬರೆದುಕೊಡಿ. ವಿಮೆ ಬೇಕೆಂದರೆ ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಲಾರಿ ಹೊರಡುತ್ತದೆ. ಒಡೆದದ್ದು ಕಂಡರೆ ಇಳಿಸಿದ ರಶೀದಿಯ ಮೇಲೆ ಅಲ್ಲಿಯೇ ಬರೆಯಿರಿ, ಫೋಟೊ ತೆಗೆಯಿರಿ.”

ಕದ್ರಿಯಿಂದ ಬೆಂಗಳೂರಿಗೆ ಹೋದ ಒಬ್ಬರು: ಯಾವ ಕಂಪನಿ ಒಳ್ಳೆಯದು ಎಂದು ಹೇಳಿಬಿಡಿ, ಮೇಡಂ. ನನಗೆ 26,000 ಎಂದು ಒಪ್ಪಿದವರು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಗೇಟಿನೊಳಗೆ ಲಾರಿ ಹಿಡಿಸಲಿಲ್ಲವೆಂದು ಇನ್ನೂ 4,500 ಕೇಳಿದರು. ಕೊಡುವವರೆಗೆ ಸಾಮಾನು ಇಳಿಸಲಿಲ್ಲ. ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದೆವು.

ಮೇಡಂ: ಕಂಪನಿಯ ಹೆಸರು ಹೇಳುವುದಿಲ್ಲ, ಸರ್. ಆದರೆ ನಿಮಗಾದ ಅನ್ಯಾಯ ಈ ಸ್ಕ್ರಿಪ್ಟಿನೊಳಗೆ ಬರಲೇಬೇಕು. ಇಲ್ಲಿಯ ಓಣಿ ನೋಡುವವರು ಅಲ್ಲಿಯ ಗೇಟಿನ ಎತ್ತರ, ಸರ್ವಿಸ್ ಲಿಫ್ಟ್ ಸಿಗುವ ಸಮಯವನ್ನು ಕೇಳುವುದೇ ಇಲ್ಲ. ಉಡುಪಿಯವರೇ, ಒಂದು ಸಾಲು ಸೇರಿಸಿ: “ಇಳಿಸುವ ಜಾಗದ ಗೇಟು, ಲಿಫ್ಟನ್ನು ಮೊದಲೇ ವಿಚಾರಿಸುತ್ತೇವೆ. ಸಣ್ಣ ವಾಹನ ಬೇಕಾದರೆ ಅದೂ ಈ ದರದಲ್ಲಿಯೇ ಸೇರಿದೆ.” ಪಾಲಿಸಲು ಆಗದಿದ್ದರೆ ಈ ಸಾಲನ್ನು ಹಾಕಬೇಡಿ.

ಉಡುಪಿಯ ಮಾಲೀಕರು: ಹಾಕುತ್ತೇನೆ. ಆದರೆ ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಮುಚ್ಚಿದರೆ? ಚಾರ್ಮಾಡಿಯಲ್ಲಿ ದೊಡ್ಡ ಲಾರಿ ಬಿಡದಿದ್ದರೆ ಸುತ್ತಿ ಹೋಗಬೇಕು. ಆ ಡೀಸೆಲ್ ಯಾರದು?

ಮೇಡಂ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದರದಲ್ಲಿಯೇ ಅದನ್ನು ಸ್ವಲ್ಪ ಸೇರಿಸಿಕೊಳ್ಳಿ ಎನ್ನುತ್ತೇನೆ. ಮಾರ್ಗಮಧ್ಯೆ ಫೋನ್ ಮಾಡಿ ಹಣ ಕೇಳುವುದಾದರೆ ‘ಸ್ಥಿರ ದರ’ ಎನ್ನಬಾರದು.

ಏಜೆಂಟರು: ಇದನ್ನು ನಾನು ಒಪ್ಪುವುದಿಲ್ಲ. ಘಾಟಿ ಮುಚ್ಚದ ದಿನ ಹೋದವರೂ ಹೆಚ್ಚು ಕೊಟ್ಟಂತಾಗುತ್ತದೆ. ಬದಲಿ ಮಾರ್ಗದ ಮೊತ್ತವನ್ನು ದರಪತ್ರದಲ್ಲಿ ಬೇರೆಯಾಗಿ ಬರೆದು, ಮುಚ್ಚಿದರೆ ಮಾತ್ರ ಪಡೆಯುವುದು ನ್ಯಾಯ.

ಉಡುಪಿಯ ಮಾಲೀಕರು: ಎರಡನ್ನೂ ನಮ್ಮ ಚಾಲಕರ ಮುಂದಿಟ್ಟು ಕೇಳುತ್ತೇನೆ. ವಿಮೆಯ ಸಾಲನ್ನು ಇಂದೇ ಬದಲಿಸುತ್ತಿದ್ದೇನೆ.