ಚಿತ್ರದಲ್ಲಿರುವ ಚಿಕ್ಕ ಯುಎಸ್‌ಬಿ ತುದಿಗಳಲ್ಲಿ ಮಿನಿ ಯಾವುದು, ಮೈಕ್ರೋ ಯಾವುದು?

ಹಳೇಪೆಟ್ಟಿಗೆ: ಎರಡು ದಿನಗಳಿಂದ ಇದೇ ಗೋಳಾಗಿದೆ. ಡ್ರಾಯರಿನಲ್ಲಿ ಸಿಕ್ಕ ಎರಡು ಕೇಬಲ್‌ಗಳ ಚಿಕ್ಕ ತುದಿಗಳನ್ನು ಅಕ್ಕಪಕ್ಕ ಇಟ್ಟು ಚಿತ್ರ ತೆಗೆದು ಹಾಕಿದ್ದೇನೆ. ಅವುಗಳ ಮೇಲ್ಭಾಗದಲ್ಲಿ ಕಾಣುವುದು ಒಂದು ಕೇಬಲ್‌ನ ಮತ್ತೊಂದು ತುದಿ. ನನ್ನ ಕಣ್ಣಿಗೆ ಎರಡೂ ಒಂದೇ ಅಗಲವಾಗಿವೆ. ಒಂದು ಸಾಧನದೊಳಗೆ ಹೋಗುತ್ತಲೇ ಇಲ್ಲ, ಇನ್ನೊಂದು ಹೋದರೂ ಕೆಲಸವಾಗುತ್ತಿಲ್ಲ. ಮೈಕ್ರೋ ಯಾವುದೆಂದು ಯಾರಾದರೂ ದಯವಿಟ್ಟು ಹೇಳಿ.

ನೀಲಿಗೆರೆ: ಎಡಗಡೆಯದು ಖಂಡಿತವಾಗಿ ಮೈಕ್ರೋ. ಅದು ತೆಳ್ಳಗಿದೆ.

ಬೆಸುಗೆಗಾರ: ನೀಲಿಗೆರೆಯವರೇ, ಎಡಗಡೆಯ ತುದಿಯನ್ನು ಕ್ಯಾಮೆರಾದ ಕಡೆಗೆ ನೇರವಾಗಿ ಇಟ್ಟಿಲ್ಲ, ಓರೆಯಾಗಿ ಇಟ್ಟಿದ್ದಾರೆ, ಅದರ ಮೇಲ್ಮೈಯ ಲೋಹದ ತಗಡು ಚಿತ್ರದಲ್ಲಿ ಸಾಕಷ್ಟು ಕಾಣುತ್ತಿದೆ. ಹಾಗೆ ಓರೆಯಾದಾಗ ಅಗಲ ಇದ್ದಷ್ಟೇ ಉಳಿದು ದಪ್ಪ ಮಾತ್ರ ಕಡಿಮೆಯಾಗಿ ತೋರುವುದರಿಂದ, ದಪ್ಪನೆಯ ಮಿನಿಯೂ ತೆಳ್ಳಗಿನ ಮೈಕ್ರೋದಂತೆ ಕಾಣಬಹುದು. ಎರಡರ ಅಗಲವೂ ಹೆಚ್ಚುಕಡಿಮೆ 6.8 ಮಿ.ಮೀ. ಆದ್ದರಿಂದ ಅಗಲವನ್ನು ನೋಡಿ ತೀರ್ಮಾನಿಸಲು ಬರುವುದಿಲ್ಲ. ದಪ್ಪದಲ್ಲಿ ಮಾತ್ರ ಮಿನಿ ಸುಮಾರು 3 ಮಿ.ಮೀ., ಮೈಕ್ರೋ ಸುಮಾರು 1.8 ಮಿ.ಮೀ. ಎರಡನ್ನೂ ಬಾಯಿ ಮೇಲೆ ಮಾಡಿ ನಿಲ್ಲಿಸಿ, ನೇರ ಮೇಲಿನಿಂದ ಇನ್ನೊಂದು ಚಿತ್ರ ತೆಗೆಯಿರಿ. ಕಂಪ್ಯೂಟರಿಗೆ ಚುಚ್ಚುವ ಚಪ್ಪಟೆ ತುದಿಯನ್ನೂ ಅದೇ ಎತ್ತರದಲ್ಲಿ ಪಕ್ಕದಲ್ಲೇ ನಿಲ್ಲಿಸಿ. ಅದರ ಅಗಲ 12 ಮಿ.ಮೀ. ಇರುವುದರಿಂದ ಅದೇ ನಮಗೆ ಅಳತೆಪಟ್ಟಿಯಾಗುತ್ತದೆ.

ಮೂರುಪರದೆ: ನನ್ನ ಮೇಜಿನಲ್ಲಿ ಎಲ್ಲವನ್ನೂ ಟೈಪ್-ಸಿಗೆ ಬದಲಾಯಿಸಿಕೊಂಡು ಈ ತಲೆನೋವಿನಿಂದ ಪಾರಾಗಿದ್ದೇನೆ. ಡಾಕ್ ಒಂದೇ, ಮೂರು ಪರದೆಗಳು.

ಹಳೇಪೆಟ್ಟಿಗೆ: ಹೊಸ ಚಿತ್ರ ಹಾಕಿದ್ದೇನೆ.

ಬೆಸುಗೆಗಾರ: ಈಗ ಸ್ಪಷ್ಟವಾಯಿತು. ಚಪ್ಪಟೆ ತುದಿ 240 ಪಿಕ್ಸೆಲ್ ಅಗಲವಿದೆ, ಅಂದರೆ ಒಂದು ಮಿ.ಮೀ.ಗೆ 20 ಪಿಕ್ಸೆಲ್. ಎಡಗಡೆಯದು 137 ಪಿಕ್ಸೆಲ್ ಅಗಲ, 61 ಪಿಕ್ಸೆಲ್ ದಪ್ಪ. ಲೆಕ್ಕ ಹಾಕಿದರೆ ದಪ್ಪ 3 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಅದು ಮಿನಿ. ಎರಡೂ ಬದಿಗಳು ಸೊಂಟದಂತೆ ಒಳಕ್ಕೆ ಸೇದಿಕೊಂಡಿರುವುದನ್ನೂ ಗಮನಿಸಿ. ಬಲಗಡೆಯದು 136ಕ್ಕೆ 36, ಅಂದರೆ ದಪ್ಪ 1.8 ಮಿ.ಮೀ. ಅದೇ ಮೈಕ್ರೋ, ಒಂದು ಬದಿಯ ಎರಡು ಮೂಲೆಗಳನ್ನು ಮಾತ್ರ ಓರೆಯಾಗಿ ಕತ್ತರಿಸಿದಂತಿದೆ, ಅಗಲವಾದ ಬದಿಯಲ್ಲಿ ಎರಡು ಪುಟ್ಟ ಕೊಕ್ಕೆಗಳಿವೆ. ಇಷ್ಟಕ್ಕೂ ಯಾವ ಸಾಧನಕ್ಕೆ ಚುಚ್ಚುತ್ತಿದ್ದೀರೆಂದು ನೀವು ಇನ್ನೂ ಹೇಳಿಲ್ಲ.

ಹಳೇಪೆಟ್ಟಿಗೆ: ಹೇಳಿದ್ದೇನೆಂದೇ ಭಾವಿಸಿದ್ದೆ, ಕ್ಷಮಿಸಿ. ಜೇಬಿನಲ್ಲಿಡುವಂಥ ಹಾರ್ಡ್ ಡಿಸ್ಕ್. ಅದರ ಕಿಂಡಿ ಉದ್ದವಾಗಿದ್ದು, ಎರಡು ಭಾಗಗಳನ್ನು ಪಕ್ಕಪಕ್ಕ ಜೋಡಿಸಿದಂತಿದೆ. ಮೈಕ್ರೋ ಅದರ ದೊಡ್ಡ ಭಾಗದಲ್ಲಿ ಕೂರುತ್ತದೆ, ದೀಪವೂ ಹೊತ್ತುತ್ತದೆ, ಆದರೆ ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ.

ನೀಲಿಗೆರೆ: ಹಾಗಾದರೆ ಅದು ಯುಎಸ್‌ಬಿ 3ರ ಅಗಲ ಮೈಕ್ರೋ. ಚಪ್ಪಟೆ ತುದಿಯೊಳಗೆ ನೀಲಿ ಪ್ಲಾಸ್ಟಿಕ್ ಇರುವ ಕೇಬಲ್ ಹುಡುಕಿ, ನೀಲಿ ಇಲ್ಲದಿದ್ದರೆ ಅದು 3 ಅಲ್ಲ.

ಬೆಸುಗೆಗಾರ: ಮೊದಲನೆಯ ಮಾತು ಸರಿ, ಎರಡನೆಯದು ಅಲ್ಲ. ನೀಲಿ ಬಣ್ಣ ರೂಢಿಯೇ ಹೊರತು ಕಡ್ಡಾಯವಲ್ಲ. ಕಪ್ಪು ಪ್ಲಾಸ್ಟಿಕ್ಕಿನ 3 ಕೂಡ ಇದೆ. ಬಣ್ಣದ ಬದಲು ಚಪ್ಪಟೆ ತುದಿಯೊಳಗೆ ಇಣುಕಿ ನೋಡಿ. ಮುಂದಿನ ನಾಲ್ಕು ಪಟ್ಟಿಗಳ ಹಿಂದೆ ಇನ್ನೂ ಐದು ಕಾಣಿಸಿದರೆ ಅದು 3.

ನೀಲಿಗೆರೆ: ನಾನು ಕಂಡಿದ್ದೆಲ್ಲವೂ ನೀಲಿಯೇ.

ಚಾರ್ಜರ್‌ಪ್ರಿಯ: ನನ್ನ ದೀಪದ ಜೊತೆಗೆ ಬಂದ ಮೈಕ್ರೋ ಕೇಬಲ್ಲಿನಲ್ಲಿ ಮಾಹಿತಿ ಸಾಗಿಸುವ ಎರಡು ತಂತಿಗಳೇ ಇರಲಿಲ್ಲ, ಅದನ್ನು ಬಿಚ್ಚಿ ನೋಡುವಷ್ಟರಲ್ಲಿ ಒಂದು ವಾರ ಕಳೆದಿತ್ತು. ನಿಮ್ಮದೂ ಹಾಗೇ ಇರಬೇಕು.

ಬೆಸುಗೆಗಾರ: ಅದು ಸಾಧ್ಯ, ಮತ್ತು ತುದಿಯ ಚಿತ್ರದಿಂದ ಅದನ್ನು ಎಂದಿಗೂ ಹೇಳಲಾಗದು. ಅದೇ ಕೇಬಲ್ಲಿಗೆ ಮೈಕ್ರೋ ಕಿಂಡಿಯ ಹಳೆಯ ಫೋನೊಂದನ್ನು ಜೋಡಿಸಿ, ಕಡತಗಳು ಕಾಣುತ್ತವೆಯೇ ನೋಡಿ.

ಹಳೇಪೆಟ್ಟಿಗೆ: ಕಾಣುತ್ತಿವೆ.

ಬೆಸುಗೆಗಾರ: ಹಾಗಿದ್ದರೆ ತಂತಿಗಳು ಸರಿಯಿವೆ. ನನ್ನ ಅನುಮಾನ ವಿದ್ಯುತ್ತಿನ ಮೇಲಿದೆ: ಬರಿಯ ಮೈಕ್ರೋ ಚುಚ್ಚಿದಾಗ ಡಿಸ್ಕ್ ಯುಎಸ್‌ಬಿ 2ರಂತೆ ನಡೆಯಬೇಕಾಗುತ್ತದೆ, ಅದಕ್ಕೆ ಸಿಗಬೇಕಾದದ್ದು 500 ಮಿಲಿಆಂಪ್, ಅಗಲ ತುದಿಯ ಕೇಬಲ್ಲಿನಲ್ಲಿ 900. ಡಿಸ್ಕ್ ಸುತ್ತಲು ಶುರುವಾಗುವಾಗ ಬೇಕಾಗುವಷ್ಟು ಸಿಗದೆ ಸೋಲುತ್ತಿರಬಹುದು. ಆದರೆ ಆ ಟಿಕ್ ಸದ್ದು ಡಿಸ್ಕ್ ಒಳಗಿನ ದೋಷದ ಲಕ್ಷಣವೂ ಹೌದು, ಆದ್ದರಿಂದ ಅಗಲ ತುದಿಯ ಕೇಬಲ್ ಸಿಗುವವರೆಗೆ ಮತ್ತೆ ಮತ್ತೆ ಚುಚ್ಚಬೇಡಿ. ಮಿನಿಯನ್ನಂತೂ ಆ ಕಿಂಡಿಗೆ ಒತ್ತಲೇಬೇಡಿ.

ಹಳೇಪೆಟ್ಟಿಗೆ: ನಿನ್ನೆ ಸ್ವಲ್ಪ ಒತ್ತಿದ್ದೆ. ಕಿಂಡಿಯ ಒಳಗಿನ ನಾಲಗೆ ನೇರವಾಗಿಯೇ ಇರುವಂತೆ ತೋರುತ್ತದೆ, ಆದರೂ ಅದರ ಚಿತ್ರವನ್ನು ಇಂದು ರಾತ್ರಿ ಹಾಕುತ್ತೇನೆ.