ಚಿಕ್ಕ ಬರ್ನರ್‌ನಲ್ಲಿ ಹಳದಿ ಉರಿ, ದೊಡ್ಡದರಲ್ಲಿ ಕಾವಿಲ್ಲ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಅಣ್ಣಾ, ನಮ್ಮದು ಎರಡು ಬರ್ನರ್ ಸ್ಟೌ. ಚಿಕ್ಕದರಲ್ಲಿ ಉದ್ದಕ್ಕೆ ಹಳದಿ ಉರಿ ಬರ್ತಿದೆ, ಪಾತ್ರೆ ತಳವೆಲ್ಲ ಮಸಿ. ದೊಡ್ಡದರಲ್ಲಿ ಉರಿ ನೀಲಿಯೇ ಇದೆ, ಆದರೆ ಕಾವೇ ಇಲ್ಲ, ರೊಟ್ಟಿ ಬೇಯೋದೇ ಇಲ್ಲ. ಬೀದಿಯಲ್ಲಿ ಬಂದ ರಿಪೇರಿಯವರೊಬ್ಬರು ಕ್ಲೀನ್ ಮಾಡಿಕೊಟ್ಟು ಹೋದ ಮೇಲೆ ಹೀಗಾಗಿದೆ. ರೆಗ್ಯುಲೇಟರ್ ಬದಲಿಸಬೇಕಾ?

ಒಬ್ಬ ಸದಸ್ಯರು: ಹಳದಿ ಅಂದ್ರೆ ಗಾಳಿ ಸಾಲ್ತಿಲ್ಲ ಅಂತ. ಸ್ಟೌ ಕೆಳಗೆ ಬರ್ನರ್ ಪೈಪಿನ ಬಾಯಲ್ಲಿ ಗಾಳಿ ಷಟರ್ ಇರುತ್ತೆ. ಅದನ್ನ ತಿರುಗಿಸಿ ಪೂರ್ತಿ ತೆರೀರಿ, ಸರಿ ಹೋಗುತ್ತೆ.

ಪಿ.ಜೆ. ಬಡಾವಣೆಯ ಹೋಟೆಲಿನವರು: ನಮ್ಮ ದೋಸೆ ಭಟ್ಟಿಗೆ ತಿರುಗಿಸೋ ರೆಗ್ಯುಲೇಟರ್ ಇದೆ, ಉರಿ ಜೋರಾಗಿ ಬರುತ್ತೆ. ಮನೆ ಸ್ಟೌಗೂ ಅದನ್ನೇ ಹಾಕಿದ್ರೆ ಆಯ್ತಲ್ವಾ?

ಸ್ಟೌ ರಿಪೇರಿ ಮಾಡುವವರು (ಮಂಡಿಪೇಟೆ ಕಡೆ): ಮೊದಲು ಹೋಟೆಲಿನವರಿಗೆ: ಬೇಡ ಸರ್, ಖಂಡಿತ ಬೇಡ. ಮನೆ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಗ್ಯಾಸ್ ಬಿಡುತ್ತೆ. ಮನೆ ಸ್ಟೌನಲ್ಲಿ ಗ್ಯಾಸ್ ಬಿಡೋಕೆ ತಿರುಗಿಸೋ ಕಾಕ್, ಜೆಟ್, ಪೈಪ್ ಎಲ್ಲ ಅಷ್ಟಕ್ಕೇ ಮಾಡಿದ್ದು. ಜಾಸ್ತಿ ಒತ್ತಡ ಕೊಟ್ರೆ ಕಾಕ್ ಹತ್ರಾನೇ ಗ್ಯಾಸ್ ಸೋರಬಹುದು.

ಈಗ ಅಕ್ಕಾ, ನಿಮ್ಮದು. ರೆಗ್ಯುಲೇಟರ್ ಮುಟ್ಟಬೇಡಿ. ಅದರಿಂದ ಬರೋ ಗ್ಯಾಸ್ ಎರಡೂ ಬರ್ನರ್‌ಗೆ ಒಂದೇ ಒತ್ತಡದಲ್ಲಿ ಹೋಗುತ್ತೆ. ಅದು ಕೆಟ್ಟಿದ್ರೆ ಎರಡೂ ಸೊರಗಬೇಕಿತ್ತು. ನಿಮ್ಮಲ್ಲಿ ಒಂದಕ್ಕೆ ಗ್ಯಾಸ್ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಅದೂ ಕ್ಲೀನ್ ಮಾಡಿದ ಮೇಲೆ. ಎರಡೂ ಜೆಟ್ ಬಿಚ್ಚಿ ಅದಲು ಬದಲು ಹಾಕಿದ್ದಾರೆ ಅಂತ ನನ್ನ ಅನುಮಾನ.

ಜೆಟ್ ಅಂದ್ರೆ ಕಾಕ್ ತುದಿಯಲ್ಲಿರೋ ಪುಟ್ಟ ಹಿತ್ತಾಳೆ ತುಂಡು, ಮಧ್ಯೆ ಕೂದಲೆಳೆಯಂಥ ತೂತು. ಅಲ್ಲಿಂದ ರಭಸವಾಗಿ ಹೊರಡೋ ಗ್ಯಾಸೇ ಪಕ್ಕದ ಗಾಳಿಯನ್ನ ಎಳ್ಕೊಂಡು ಪೈಪಿಗೆ ನುಗ್ಗುತ್ತೆ. ದೊಡ್ಡ ಬರ್ನರ್ ಜೆಟ್‌ನ ತೂತು ತುಸು ದೊಡ್ಡದು. ಅದನ್ನ ಚಿಕ್ಕದಕ್ಕೆ ಹಾಕಿದ್ರೆ ಬರೋ ಗ್ಯಾಸಿಗೆ ಆ ಸಣ್ಣ ಪೈಪು ತರೋ ಗಾಳಿ ಸಾಲಲ್ಲ. ಉರಿ ಉದ್ದ ಆಗಿ ಮಸಿ ಬಿಡುತ್ತೆ. ದೊಡ್ಡದಕ್ಕೆ ಹೋದ ಚಿಕ್ಕ ಜೆಟ್ ಸಾಕಷ್ಟು ಗ್ಯಾಸೇ ಬಿಡಲ್ಲ, ಅದಕ್ಕೇ ನೀಲಿಯಿದ್ರೂ ಕಾವಿಲ್ಲ.

ಷಟರ್ ಹೇಳಿದ ಸರ್ ಮಾತು ಅರ್ಧ ನಿಜ. ಗಾಳಿ ಸಾಲ್ತಿಲ್ಲ, ಸರಿ. ಆದರೆ ಎಷ್ಟೋ ಮನೆ ಸ್ಟೌಗೆ ತಿರುಗಿಸೋ ಷಟರೇ ಇರಲ್ಲ. ಇದ್ರೂ ಪೂರ್ತಿ ತೆರೆದುಬಿಟ್ರೆ ಉರಿ ಬರ್ನರ್ ಬಿಟ್ಟು ಮೇಲೆ ಹಾರುತ್ತೆ. ಸಿಮ್ ಮಾಡಿದಾಗ ಟಪ್ ಅಂತ ಒಳಗೆ ಹೋಗಿ ಜೆಟ್ ಹತ್ರ ಹೊತ್ಕೊಳ್ಳೋದೂ ಉಂಟು. ಉರಿ ಹಚ್ಚಿಟ್ಟು ನಿಧಾನಕ್ಕೆ ತಿರುಗಿಸಿ, ಹಳದಿ ತುದಿ ಹೋದ ಕಡೆ ನಿಲ್ಲಿಸಬೇಕು.

ಪಿನ್ ಮಾತ್ರ ಜೆಟ್‌ಗೆ ಚುಚ್ಚಬೇಡಿ. ತೂತು ಒಂಚೂರು ಅಗಲ ಆದ್ರೂ ಮತ್ತೆ ಸರಿ ಆಗಲ್ಲ, ಹೊಸದೇ ಹಾಕಬೇಕು. ಜೆಟ್ ಬಿಚ್ಚಿಸೋದಾದ್ರೆ ಗೊತ್ತಿರೋರ ಕೈಲಿ ಬಿಚ್ಚಿಸಿ. ಮೊದಲು ರೆಗ್ಯುಲೇಟರ್ ಆಫ್ ಮಾಡಿ ಸಿಲಿಂಡರಿಂದ ತೆಗೀರಿ. ಜೆಟ್ ಮೇಲೆ ನಂಬರ್ ಇದ್ರೆ ಎರಡನ್ನೂ ಹೋಲಿಸಿ. ನಂಬರ್ ಅಳಿಸಿದ್ರೆ ಬೆಳಕಿಗೆ ಹಿಡಿದು ತೂತು ನೋಡಿ. ವಾಪಸ್ ಹಾಕಿದ ಮೇಲೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳ್ತಿದ್ಯಾ ನೋಡಿ. ಕಡ್ಡಿ ಗೀರಿ ಪರೀಕ್ಷೆ ಮಾಡೋರು ಈಗಲೂ ಇದ್ದಾರೆ, ದಯವಿಟ್ಟು ಬೇಡ. ಸರಿ ಆಗೋವರೆಗೂ ಚಿಕ್ಕದನ್ನ ಹಚ್ಚಬೇಡಿ. ಮಸಿ ಉರಿಯಲ್ಲಿ ವಿಷಗಾಳಿ ಜಾಸ್ತಿ, ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ತಲೆನೋವು ಅಲ್ಲಿಂದಲೇ ಶುರು.

ಚಳ್ಳಕೆರೆಯ ಗೃಹಿಣಿ: ನಮ್ಮಲ್ಲೂ ಇದೇ ಕತೆ! ಎರಡೂ ಬರ್ನರ್ ಸಣ್ಣಗೆ ಉರೀತಿವೆ. ಜೆಟ್ ಅದಲು ಬದಲು ಮಾಡಿಸಬೇಕಾ?

ರಿಪೇರಿಯವರು: ನಿಮ್ಮದು ಬೇರೆ ಅಕ್ಕಾ. ಎರಡೂ ಸೊರಗಿದ್ರೆ ಸಿಲಿಂಡರ್ ಖಾಲಿ ಆಗ್ತಿದ್ಯಾ, ರಬ್ಬರ್ ಪೈಪ್ ಎಲ್ಲಾದ್ರೂ ಮಡಚ್ಕೊಂಡಿದ್ಯಾ ನೋಡಿ. ಅವೆಲ್ಲ ಸರಿ ಇದ್ರೆ ರೆಗ್ಯುಲೇಟರ್. ಅದನ್ನ ಬಿಚ್ಚಿ ನೋಡೋ ಹಾಗಿಲ್ಲ, ಏಜೆನ್ಸಿಯಲ್ಲೇ ಬದಲಿಸಿಕೊಳ್ಳಿ. ಗ್ಯಾಸ್ ವಾಸನೆ ಬಂದ್ರೆ ಮೊದಲು ಸಿಲಿಂಡರ್ ಕಡೆಯಿಂದ ಆಫ್ ಮಾಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಪ್ರಶ್ನೆ ಕೇಳಿದವರು: ಅಣ್ಣಾ, ಗೊತ್ತಿರೋರನ್ನ ಕರೆಸಿ ನೋಡಿಸಿದೆ. ಜೆಟ್ ಅದಲು ಬದಲಾಗಿತ್ತು, ನಿಜ. ಈಗ ದೊಡ್ಡದರಲ್ಲಿ ರೊಟ್ಟಿ ಉಬ್ಬುತ್ತೆ. ಚಿಕ್ಕದರಲ್ಲಿ ಮಸಿ ಹೋಗಿದೆ, ಆದರೆ ತುದಿ ಇನ್ನೂ ಸ್ವಲ್ಪ ಹಳದಿ.

ರಿಪೇರಿಯವರು: ಬರ್ನರ್ ಎತ್ತಿ ಪೈಪಿನೊಳಗೆ ಬೆಳಕು ಬಿಟ್ಟು ನೋಡಿ, ಉಕ್ಕಿದ ಹಾಲು ಒಣಗಿ ಅಂಟಿರುತ್ತೆ. ಜೇಡದ ಬಲೆಯೂ ಇರಬಹುದು. ಅದು ಶುದ್ಧ ಇದ್ರೆ, ಆ ಪುಣ್ಯಾತ್ಮರು ಜೆಟ್‌ಗೆ ಪಿನ್ ಹಾಕಿದ್ದಾರಾ ಅನ್ನೋ ಅನುಮಾನ ನನಗೆ. ಫೋಟೋ ಕಳಿಸಿದ್ರೂ ಅದು ಗೊತ್ತಾಗಲ್ಲ. ಹೊಸ ಜೆಟ್ ತಗೊಳ್ಳೋವಾಗ ಹಳೇದನ್ನೂ ಸ್ಟೌ ಕಂಪನಿ ಹೆಸರನ್ನೂ ಅಂಗಡಿಗೆ ಒಯ್ಯಿರಿ. ಸುಮ್ನೆ "ಚಿಕ್ಕ ಜೆಟ್ ಕೊಡಿ" ಅಂದ್ರೆ ಕೈಗೆ ಸಿಕ್ಕಿದ್ದು ಕೊಡ್ತಾರೆ.